ಒಂದು ಗೇಣು ಎತ್ತರವಾದ ಗೋಲು

ಯಾವ ಕಂಬ ಕಂಡರೂ ಒಮ್ಮೆ ಕೈಯಿಟ್ಟು ನೂಕಿ ನೋಡುವುದು ನನ್ನ ಚಟ. ಮದುವೆ ಹಂದರದ ಕಂಬ, ಬಸ್ ನಿಲ್ದಾಣದ ಬೋರ್ಡಿನ ಕಂಬ, ಯಾವುದನ್ನೂ ಬಿಡುವುದಿಲ್ಲ. ನೆಂಟರು ನಗುತ್ತಾರೆ, ನಗಲಿ. ಹೈಸ್ಕೂಲಿನಲ್ಲಿ ಆಟ ಕಲಿಸುವವಳಿಗೆ ಇಂಥ ಒಂದೆರಡು ಹುಚ್ಚು ಇರಬೇಕು. ಆದರೆ ಈ ಹುಚ್ಚು ನನಗೆ ತರಬೇತಿಯಲ್ಲಿ ಹತ್ತಿದ್ದಲ್ಲ. ನನ್ನ ಸೋದರಮಾವನಿಂದ ಬಂದದ್ದು, ಅದೂ ಎರಡು ಸಲ. ಮೊದಲನೆಯ ಸಲ ಪ್ರೀತಿಯಿಂದ, ಎರಡನೆಯ ಸಲ ಹೊಟ್ಟೆ ಉರಿದು.

ಮೊದಲನೆಯದು ಸಣ್ಣಂದಿನ ಮಾತು. ನಾಗರ ಪಂಚಮಿಗೆ ಅವ್ವ ನನ್ನನ್ನು ತವರಿಗೆ ಕರೆದುಕೊಂಡು ಬರುತ್ತಿದ್ದಳು. ಹಿತ್ತಲ ಬೇವಿನ ಮರಕ್ಕೆ ಜೋಕಾಲಿ ಕಟ್ಟುವವರು ಮಾವ. ಹಗ್ಗ ಬಿಗಿದ ಮೇಲೆ ನಾವು ಮಕ್ಕಳೆಲ್ಲ ನಾ ಮುಂದು ತಾ ಮುಂದು ಎಂದು ನುಗ್ಗಿದರೆ ಅವರು ತೋಳು ಅಡ್ಡ ಹಿಡಿಯುತ್ತಿದ್ದರು. 'ತಡೀರಿ, ಮೊದಲ ನಾ ಕುಂಡ್ರತೇನಿ. ಬಿದ್ರ ನಾ ಬೀಳ್ಲಿ' ಎಂದು ಧೋತರ ಕಚ್ಚೆ ಏರಿಸಿ ತಾವೇ ಹಲಗೆಯ ಮೇಲೆ ಕೂತು, ಕೊಂಬೆ ಕಿರುಗುಡುವಷ್ಟು ಜೀಕಿ, ಆಮೇಲೆ ಇಳಿದು ನಮ್ಮನ್ನು ಕೂಡಿಸುತ್ತಿದ್ದರು. ದೊಡ್ಡವರು ಅಂದರೆ ಹೀಗಿರಬೇಕು ಎಂದು ಆಗ ನನ್ನ ತಲೆಯಲ್ಲಿ ಕೂತದ್ದು ಬಹಳ ದಿನ ಅಲ್ಲೇ ಕೂತಿತ್ತು.

ಅದೇ ಊರಿನ ಹೈಸ್ಕೂಲಿಗೆ ನನಗೆ ವರ್ಗವಾಯಿತು. ಅಫಜಲಪುರದಿಂದ ದಿನಾ ಬಸ್ಸಿನಲ್ಲಿ ಬಂದು ಹೋಗುತ್ತಿದ್ದೆ. ಶಾಲೆಯ ಹಿಂದೆ ಊರಿನ ಬಯಲಿತ್ತು. ಬಯಲೆಂದರೆ ಜಾಲಿ ಮುಳ್ಳು, ಒಡೆದ ಬಾಟಲಿ, ಎತ್ತಿನ ಗಾಡಿ ಹಾದು ಬಿದ್ದ ಕೊರಕಲು. ಅದರ ನಡುವೆ ನನ್ನ ಹುಡುಗಿಯರು ಎರಡು ಕಲ್ಲಿಟ್ಟು ಫುಟ್‌ಬಾಲ್ ಆಡುತ್ತಿದ್ದರು. ಆಟಕ್ಕಿಂತ ಜಗಳವೇ ಹೆಚ್ಚು. ಚೆಂಡು ಕಲ್ಲಿನ ಮೇಲೆ ಹಾದು ಹೋದರೆ ಅದು ಗೋಲೋ ಅಲ್ಲವೋ? ಗೆರೆಯೇ ಇಲ್ಲದ ಮೇಲೆ ಚೆಂಡು ಹೊರಗೆ ಹೋಯಿತು ಎನ್ನುವುದಾದರೂ ಹೇಗೆ? ಮಾವನ ಮೊಮ್ಮಗಳು ಆ ತಂಡದ ಗೋಲ್‌ಕೀಪರು. ಉದ್ದ ಕೈಯ, ಮಾತು ಕಡಿಮೆಯ ಹುಡುಗಿ. ಕಲ್ಲಿನ ನಡುವೆ ನಿಂತು ಅವಳು ಹಾರಿ ಹಿಡಿದ ಚೆಂಡನ್ನೂ ಎದುರಾಳಿಗಳು 'ಅದು ಮ್ಯಾಲ ಹೊಂಟಿತ್ತು, ಹಿಡದ್ರೇನು ಬಂತು' ಎಂದು ಲೆಕ್ಕಕ್ಕೆ ತೆಗೆದುಕೊಳ್ಳುತ್ತಿರಲಿಲ್ಲ. ಅತನೂರಿನ ಹುಡುಗಿಯರ ತಂಡ ನಮ್ಮಲ್ಲಿಗೆ ಬಂದು ಆಡಲು ಒಪ್ಪಿದಾಗ ನನಗೆ ನಾಚಿಕೆಯಾಯಿತು. ಬಂದವರನ್ನು ಈ ಮುಳ್ಳಿನಲ್ಲಿ ಓಡಿಸುವುದೇ?

ಮೈದಾನ ಮಾಡೋಣ ಎಂದು ನಾನು ಹೇಳಿದಾಗ ಊರಲ್ಲಿ ತಲೆ ಅಲ್ಲಾಡಿಸಿದವರು ಹಲವರು, ಕೈ ಹಾಕಿದವರು ಒಬ್ಬರೇ. ನನ್ನ ಮಾವ. ಹೊಲ, ಟ್ರ್ಯಾಕ್ಟರು ಎರಡೂ ಇದ್ದವರು, ಊರಲ್ಲಿ ಮಾತು ನಡೆಯುವವರು. 'ನೀ ಹೇಳು ಯವ್ವಾ, ಎಷ್ಟು ಉದ್ದ, ಎಷ್ಟು ಅಗಲ. ಉಳದದ್ದು ನನಗ ಬಿಡು' ಎಂದರು. ಅಂದು ರಾತ್ರಿ ಅವ್ವನಿಗೆ ಫೋನು ಮಾಡಿ, ನಿನ್ನ ತಮ್ಮ ಬಂಗಾರದಂಥ ಮನುಷ್ಯ ಎಂದು ಹೊಗಳಿದೆ. ಆ ಮಾತು ನೆನಪಾದರೆ ಈಗಲೂ ನಾಲಿಗೆ ಕಹಿಯಾಗುತ್ತದೆ.

ಮಳೆ ನಿಂತು ನೆಲದಲ್ಲಿ ಇನ್ನೂ ಹಸಿ ಇರುವಾಗಲೇ ಕೆಲಸ ಹಿಡಿದೆವು. ನಮ್ಮದು ಎರೆ ನೆಲ. ಹಸಿ ಇದ್ದಾಗ ಉಬ್ಬುತ್ತದೆ, ಒಣಗಿದರೆ ಕಾಲು ಸಿಕ್ಕಿ ಮುರಿಯುವಂತೆ ಬಿರುಕು ಬಿಡುತ್ತದೆ. ಹುಡುಗಿಯರು ಸಾಲಾಗಿ ನಿಂತು ಕಲ್ಲು, ಗಾಜು, ಮುಳ್ಳು ಆರಿಸಿದರು. ಕೊರಕಲು, ಬಿರುಕುಗಳಿಗೆ ಮಾವ ಟ್ರ್ಯಾಕ್ಟರಿನಲ್ಲಿ ಗರಸು ಮಣ್ಣು ತಂದು ತುಂಬಿಸಿದರು. ನೀರು ಹೊಡೆದು, ಒಂದು ದಿನ ಆರಲು ಬಿಟ್ಟು, ತಮ್ಮ ಹಿತ್ತಲಲ್ಲಿ ಬಿದ್ದಿದ್ದ ರೋಣಗಲ್ಲನ್ನು ಟ್ರ್ಯಾಕ್ಟರಿಗೆ ಕಟ್ಟಿ ತಂದರು. ಹಿಂದೆ ಕಣದಲ್ಲಿ ತೆನೆಯ ಮೇಲೆ ಎತ್ತು ಕಟ್ಟಿ ಹೊರಳಿಸುತ್ತಿದ್ದ ಆ ಕಲ್ಲಿನಿಂದ ಅವರು ನೆಲವನ್ನು ಎಷ್ಟು ಸಲ ಉರುಳಿಸಿದರೋ, ನಾನೇ ಸಾಕೆಂದರೂ ಬಿಡಲಿಲ್ಲ. 'ಕಾಳು ಚೆಲ್ಲಿದ್ರ ಆರಸಕೊಳ್ಳೂಹಂಗ ಆಗಬೇಕು ನೆಲ' ಎಂದರು. ಹಳೇ ಕಾಲದವರು, ಅವರಿಗೆ ತಿಳಿದ ಹೋಲಿಕೆ ಹೇಳುತ್ತಿದ್ದಾರೆ ಎಂದು ನಕ್ಕೆ.

ಇನ್ನು ಅಳತೆ. ಆ ಜಾಗಕ್ಕೆ ದೊಡ್ಡವರ ಮೈದಾನ ಹಿಡಿಸುವುದಿಲ್ಲ. ಅರವತ್ತು ಮೀಟರ್ ಉದ್ದ, ನಲವತ್ತು ಅಗಲ ಸಾಕು, ಒಂದೊಂದು ಕಡೆ ಏಳೇಳು ಹುಡುಗಿಯರು ಆಡಬಹುದು. ಉದ್ದ ತೆಂಕಣ ಬಡಗಣವಾಗಿರಬೇಕು, ಇಲ್ಲದಿದ್ದರೆ ಸಂಜೆ ಸೂರ್ಯ ಒಬ್ಬ ಕೀಪರಿನ ಕಣ್ಣಿಗೇ ಹೊಡೆಯುತ್ತಾನೆ. ಗೆರೆಯ ಹೊರಗೆ ಸುತ್ತಲೂ ಮೂರು ಮೀಟರ್ ಗಿಡ, ಗೋಡೆ, ಕಲ್ಲು ಏನೂ ಇರಬಾರದು, ಓಡಿ ಬಂದವರಿಗೆ ನಿಲ್ಲಲು ಜಾಗ ಬೇಕು. ನಾನು ಮೈದಾನವನ್ನು ಶಾಲೆಯ ಕಡೆಗೆ ಒತ್ತಿ ಹಾಕಬೇಕೆಂದಿದ್ದೆ. ಮಾವ ಒಪ್ಪಲಿಲ್ಲ. 'ರಸ್ತಾಕ್ಕ ಹತ್ತಿರ ತಗೋ. ಅಲ್ಲಿ ನೆಲ ಗಟ್ಟಿ ಅದ, ನೋಡವರಿಗೂ ಛಲೋ' ಎಂದರು. ನೆಲ ಅಲ್ಲಿ ಗಟ್ಟಿಯಾಗಿಯೇ ಇತ್ತು. ಸರಿ ಎಂದೆ.

ಮೊದಲ ಮೂಲೆಗೆ ಗೂಟ ಬಡಿದು ಹುರಿ ಎಳೆದೆವು. ಮೂಲೆ ಸರಿಯಾದ ಮೂಲೆಯಾಗಬೇಕಲ್ಲ? ಒಂದು ಹುರಿಯ ಮೇಲೆ ಆರು ಮೀಟರಿಗೆ ಗುರುತು, ಇನ್ನೊಂದರ ಮೇಲೆ ಎಂಟು ಮೀಟರಿಗೆ ಗುರುತು, ಎರಡು ಗುರುತಿನ ನಡುವೆ ಟೇಪು ಹಿಡಿದರೆ ಹತ್ತು ಬರಬೇಕು. ಬರುವ ತನಕ ಎರಡನೆಯ ಹುರಿಯನ್ನು ಆಚೆ ಈಚೆ ಸರಿಸಬೇಕು. ಗಣಿತದ ಕ್ಲಾಸಿನಲ್ಲಿ ಆಕಳಿಸುವ ಹುಡುಗಿಯರು ಇಲ್ಲಿ 'ಬಂತು! ಹತ್ತ ಬಂತು!' ಎಂದು ಕುಣಿದರು. ನಾಲ್ಕು ಗೂಟ ನಿಂತ ಮೇಲೆ ಮೂಲೆಯಿಂದ ಮೂಲೆಗೆ ಎರಡೂ ಕಡೆ ಅಳೆದೆವು. ಎಪ್ಪತ್ತೆರಡು ಮೀಟರ್, ಮೇಲೆ ಹನ್ನೊಂದು ಸೆಂಟಿಮೀಟರ್. ಎರಡೂ ಸಮ. ನಡುವೆ ಒಂದು ಗೂಟಕ್ಕೆ ಆರು ಮೀಟರ್ ಹುರಿ ಕಟ್ಟಿ ಸುತ್ತು ಬಂದು ನಡುವೃತ್ತ ಹಾಕಿದೆವು.

ಗೆರೆಗೆ ಸುಣ್ಣ ಕೊಡಿಸುತ್ತೇನೆ ಎಂದು ಪಂಚಾಯತಿಯವರೊಬ್ಬರು ಮುಂದೆ ಬಂದರು. ನಾನು ಬೇಡವೆಂದೆ. ಬೆವರು ಮೈಗೆ, ಬಿದ್ದವರ ಕಣ್ಣಿಗೆ ಸುಣ್ಣ ತಗುಲಿದರೆ ಸುಡುತ್ತದೆ. 'ಗ್ವಾಡಿಗಿ ಬಳೀತೇವಿ, ನೆಲಕ್ಕ ಬ್ಯಾಡ ಅಂದ್ರ?' ಎಂದು ಅವರು ಮುನಿಸಿಕೊಂಡರು. ಗೋಡೆಯ ಮೇಲೆ ಯಾರೂ ಬೋರಲು ಬೀಳುವುದಿಲ್ಲ ಎಂದೆ. ಸೀಮೆಸುಣ್ಣದ ಪುಡಿ ತರಿಸಿ, ತಳಕ್ಕೆ ತೂತು ಕೊರೆದ ಡಬ್ಬಿಯಲ್ಲಿ ತುಂಬಿ, ಬಿಗಿದ ಹುರಿಯ ಗುಂಟ ಹಾಕಿದೆವು. ನಾಲ್ಕು ಬೆರಳು ಅಗಲದ ಬಿಳಿ ಗೆರೆ. ಆ ಕರಿ ನೆಲದ ಮೇಲೆ ಅದನ್ನು ನೋಡಿದ ಹುಡುಗಿಯರು ಸ್ವಲ್ಪ ಹೊತ್ತು ಒಳಗೆ ಕಾಲಿಡಲೇ ಇಲ್ಲ, ತುಳಿದರೆ ಕೆಡುತ್ತದೆಂದು ಸುತ್ತು ಹಾಕಿ ಓಡಾಡಿದರು.

ಕಂಬದ ವಿಷಯದಲ್ಲಿ ನಾನು ಯಾರ ಮಾತೂ ಕೇಳುವವಳಲ್ಲ. ಗೋಲಿನ ಅಗಲ ಐದು ಮೀಟರ್, ಎತ್ತರ ಎರಡು. ಕಬ್ಬಿಣದ ಪೈಪಿನ ಗೋಲು ಹಗುರವೆಂದು ತೋರುತ್ತದೆ, ಮುಂದಕ್ಕೆ ಉರುಳಿದರೆ ಆ ಬಾರ್ ಮಗುವಿನ ತಲೆಯನ್ನು ಉಳಿಸುವುದಿಲ್ಲ. ಅದಕ್ಕೇ ಕಂಬಗಳನ್ನು ನೇರ ಕಾಂಕ್ರೀಟಿನಲ್ಲೇ ಹುಗಿಸಬೇಕೆಂದಿದ್ದೆ. ಆಗ ಮಾವ ಒಂದು ಉಪಾಯ ಹೇಳಿದರು. 'ಕಂಬಾನ ಹುಗೀಬ್ಯಾಡ. ಅದಕ್ಕಿಂತ ದೊಡ್ಡ ಪೈಪಿನ ತುಂಡು ಹುಗಿ, ಅದರಾಗ ಕಂಬ ಇಳಿಸು, ಅಡ್ಡ ಬೋಲ್ಟ್ ಹಾಕು. ಜಂಗ ಹಿಡಿದ್ರ ತಗದು ಬಣ್ಣ ಹಚ್ಚಲಿಕ್ಕ ಬರ್ತದ.' ಕೇಳಿ ನನಗೆ ಖುಷಿಯಾಯಿತು. ಪುಸ್ತಕದಲ್ಲೂ ಇದೇ ಕ್ರಮ ಇದೆ. ಬೋಲ್ಟ್ ಸರಿಯಾಗಿ ಬಿದ್ದರೆ ಅದೂ ಅಷ್ಟೇ ಭದ್ರ. ಅಫಜಲಪುರದ ವೆಲ್ಡಿಂಗ್ ಅಂಗಡಿಯಲ್ಲಿ ಮಾಡಿಸಿದೆವು. ಒಂದೂವರೆ ಅಡಿ ಆಳದ ಸಾಕೆಟ್ಟು, ಸುತ್ತ ಕಾಂಕ್ರೀಟು, ಬಾಯಿ ನೆಲಕ್ಕೆ ಸಮ, ಬೋಲ್ಟ್ ಹಾಕಲು ಬಾಯಿಯ ಹತ್ತಿರ ಕಾಂಕ್ರೀಟಿನಲ್ಲಿ ಕೈ ಹಿಡಿಸುವಷ್ಟು ಸಂದು. ಬಲೆ ಕಟ್ಟಲು ಕಬ್ಬಿಣದ ಕೊಕ್ಕೆ ಬೇಡವೆಂದು ನೈಲಾನ್ ಹುರಿ ತಂದೆ, ಕೊಕ್ಕೆಗೆ ಉಂಗುರ ಸಿಕ್ಕರೆ ಅದರ ಜತೆ ಬೆರಳೂ ಹೋಗುತ್ತದೆ. ಹುಡುಗಿಯರ ಮುಂದೆ ಮಾವನನ್ನು ನಿಲ್ಲಿಸಿ, ಇಂಥ ಯೋಚನೆ ನನಗೂ ಬರಲಿಲ್ಲ ನೋಡ್ರಿ ಎಂದು ಚಪ್ಪಾಳೆ ತಟ್ಟಿಸಿದೆ. ಅವರು ರುಮಾಲು ಸರಿಮಾಡಿಕೊಂಡು ನಕ್ಕರು.

ಹುಡುಗಿಯರಿಗೆ ಒಂದು ಪಾಠ ಹೇಳಿಕೊಟ್ಟೆ. ಆಟಕ್ಕೆ ಮೊದಲು ಪ್ರತಿ ಕಂಬವನ್ನು ಹಿಂದಿನಿಂದ ನೂಕಿ ನೋಡಬೇಕು, ಬೋಲ್ಟ್ ಮುಟ್ಟಿ ನೋಡಬೇಕು. ಬಾರ್ ಹಿಡಿದು ಜೋತಾಡಬಾರದು. ಕೀಪರ್ ಹುಡುಗಿ ಮಾತ್ರ ಬಾರನ್ನು ಹಾರಿ ಒಂದು ಬೆರಳಲ್ಲಿ ಮುಟ್ಟಿ ಬರುತ್ತಿದ್ದಳು. ಅದು ಅವಳ ಪದ್ಧತಿ. ಮುಟ್ಟಿದರೆ ಅಂದಿನ ಆಟ ಚೆನ್ನಾಗಿ ಆಗುತ್ತದೆ ಎಂದು ಅವಳ ನಂಬಿಕೆ.

ತೊಗರಿ ಕೊಯ್ಲಿನ ಹೊತ್ತಿಗೆ ನನ್ನನ್ನು ಜೇವರ್ಗಿಯ ಕಡೆ ತರಬೇತಿಗೆ ಹಾಕಿದರು. ಮುಗಿಸಿ ಬಂದ ಮರುದಿನವೇ ಅತನೂರಿನವರ ಜತೆ ಆಟ. ಹೋಗುವ ಮುಂಚೆ ಮಾವನಿಗೆ ಮೈದಾನದ ಮೇಲೆ ಕಣ್ಣಿಡಲು ಹೇಳಿದೆ. ಕೊನೆಯ ದಿನಗಳಲ್ಲಿ ಹುಡುಗಿಯರು ಆಡುತ್ತೇವೆಂದು ಹಟ ಹಿಡಿದಿದ್ದಾರೆಂದು ತಿಳಿದು ಫೋನು ಮಾಡಿದೆ. ನಾನಿಲ್ಲದಾಗ ಕಂಬ ನೋಡುವವರು ಬೇಕಲ್ಲ?

'ಮಾವಾ, ಕಂಬ ಒಮ್ಮಿ ನೂಕಿ ನೋಡಿರೇನು?'

'ನೋಡೇನಿ. ಆನಿ ಬಂದು ಗುದ್ದಿದ್ರೂ ಅಲುಗಾಡೂದಿಲ್ಲ. ಆಡ್ಲಿ ಬಿಡು ಹುಡುಗ್ಯಾರು.'

ಮಾವನನ್ನು ಹುಡುಗಿಯರೆಲ್ಲ ಮುತ್ಯಾ, ಅಂದರೆ ಅಜ್ಜ, ಎಂದೇ ಕರೆಯುತ್ತಿದ್ದರು. ಮುತ್ಯಾನೇ ನೋಡಿದ್ದಾರೆ, ಆಡ್ರಿ ಎಂದು ಅವರಿಗೆ ಹೇಳಿ ಕಳಿಸಿದೆ. ಆ ಮಾತು ನಂಬಿ, ಕಂಬ ನೂಕಿ ನೋಡದೆಯೇ, ಎರಡು ಸಂಜೆ ಅವರು ಆಡಿದರು.

ತರಬೇತಿ ಮುಗಿಸಿ ಬಂದವಳು ಬಸ್ಸಿಳಿದು ನೇರ ಮೈದಾನಕ್ಕೆ ಹೋದೆ. ಶಾಲೆಯ ಕಡೆಯ ಅರ್ಧದಲ್ಲಿ ಗೆರೆ ಇದ್ದಂತೆಯೇ ಇತ್ತು. ರಸ್ತೆಯ ಕಡೆಯ ಅರ್ಧದಲ್ಲಿ ಒಂದು ಗೆರೆಯೂ ಇಲ್ಲ. ಗುಡಿಸಿದ ಹಾಗೆ ನುಣ್ಣಗಿದ್ದ ನೆಲ. ಅಂಚಿನಲ್ಲಿ ತೊಗರಿ ಹೊಟ್ಟು, ಮುರಿದ ಕಟ್ಟಿಗೆ, ದೊಡ್ಡ ಗಾಲಿಯ ಗುರುತು. ಆದರೂ ಮನಸ್ಸು ಏನೇನೋ ಸಬೂಬು ಹುಡುಕಿತು. ಯಾರೋ ರಾತ್ರಿ ಗಾಡಿ ನಿಲ್ಲಿಸಿರಬೇಕು, ಗಾಳಿಗೆ ಹೊಟ್ಟು ಹಾರಿ ಬಂದಿರಬೇಕು. ಮಾವ ಕಣ್ಣಿಟ್ಟಿದ್ದಾರಲ್ಲ!

ಹುಡುಗಿಯರು ಬಂದರು. ಕೀಪರ್ ಹುಡುಗಿ ಆ ಗೋಲಿನ ಹತ್ತಿರ ಮುಖ ಸಣ್ಣ ಮಾಡಿಕೊಂಡು ನಿಂತಿದ್ದಳು. ಏನಾಯಿತೇ ಎಂದೆ.

'ಮೇಡಂರಿ, ನನ್ನ ಜಿಗಿತ ಕಡಿಮಿ ಆಗ್ಯಾದ. ನಿನ್ನಿ ಮೊನ್ನಿ ಎಷ್ಟು ಹಾರಿದ್ರೂ ಬಾರ್ ಮುಟ್ಟವಲ್ಲದು. ನಾಳಿ ಬ್ಯಾರೆದಾಕಿನ್ನ ನಿಂದರಸ್ರಿ.'

ಆ ಕಡೆಯ ಗೋಲಿಗೆ ಹೋಗಿ ಮುಟ್ಟೆಂದೆ. ಹಾರಿದಳು, ಮುಟ್ಟಿದಳು. ತನಗೇ ನಂಬಿಕೆಯಾಗದೆ ಇನ್ನೊಮ್ಮೆ ಮುಟ್ಟಿದಳು. ನಾನು ಚೀಲದಿಂದ ಟೇಪು ತೆಗೆದೆ. ಶಾಲೆಯ ಕಡೆಯ ಬಾರ್ ನೆಲದಿಂದ ಎರಡು ಮೀಟರ್. ರಸ್ತೆಯ ಕಡೆಯದು ಎರಡು ಮೀಟರಿನ ಮೇಲೆ ಒಂದು ಗೇಣು. ಕಂಬ ಬೆಳೆಯುವುದಿಲ್ಲ. ಬೆಳೆದಂತೆ ಕಂಡರೆ ಅದು ನೆಲದೊಳಗೆ ಪೂರ್ತಿ ಇಳಿದಿಲ್ಲವೆಂದೇ ಅರ್ಥ. ಎಲ್ಲರನ್ನೂ ದೂರ ಕಳಿಸಿ ಕಂಬದ ಬುಡ ಕೆದರಿದೆ. ಬೋಲ್ಟಿನ ತೂತು ಸಾಕೆಟ್ಟಿನ ಮೇಲೆ, ಬರೀ ಗಾಳಿಯಲ್ಲಿತ್ತು. ಸಾಕೆಟ್ಟಿನೊಳಗೆ ಅರ್ಧಕ್ಕೆ ಮಣ್ಣು, ತೊಗರಿ ಹೊಟ್ಟು ಗಿಡಿದು ತುಂಬಿತ್ತು. ಗಾಲಿ ಹತ್ತಿ ಸುತ್ತಲಿನ ಕಾಂಕ್ರೀಟು ಎರಡು ಹೋಳಾಗಿತ್ತು. ಹಿಂದೆ ನಿಂತು ಒಂದೇ ಕೈಯಿಂದ ಮೆಲ್ಲಗೆ ನೂಕಿದೆ. ಇಡೀ ಗೋಲು ಮುಂದಕ್ಕೆ ತೂಗಿ ಮರಳಿ ಬಂತು.

ಆಗ ಒಂದೊಂದೇ ತಿಳಿಯುತ್ತ ಹೋಯಿತು. ರಸ್ತೆಗೆ ಹತ್ತಿರ ತಗೋ ಎಂದದ್ದು ತೊಗರಿ ಒಕ್ಕುವ ರಾಶಿ ಮಷೀನು ಸಲೀಸಾಗಿ ಇಳಿಯಲಿ ಎಂದು. ರೋಣಗಲ್ಲು ಅಷ್ಟು ಸಲ ಉರುಳಿದ್ದು ಕಾಳು ಮಣ್ಣಾಗದಿರಲಿ ಎಂದು. ಸಾಕೆಟ್ಟಿನ ಉಪಾಯ, ನಾನು ಚಪ್ಪಾಳೆ ತಟ್ಟಿಸಿದ ಆ ಉಪಾಯ, ಕಂಬ ಕಿತ್ತು ಬದಿಗಿಡಲು ಬರಲಿ ಎಂದು. ಹುಡುಗಿಯರು ಮುಳ್ಳು ಆರಿಸಿ ಬೆರಳು ಚುಚ್ಚಿಸಿಕೊಂಡದ್ದು ಮಾವನ ಕಣಕ್ಕೆ. ಮೊದಲ ದಿನದಿಂದಲೂ ನಾನು ಮೈದಾನ ಮಾಡುತ್ತಿದ್ದೆ, ಅವರು ಕಣ ಮಾಡುತ್ತಿದ್ದರು. ಕಣ್ಣಿಗೆ ಮಣ್ಣೆರಚಿದ್ದರು, ಅದೂ ನಮ್ಮಿಂದಲೇ ಹಸನು ಮಾಡಿಸಿದ ಮಣ್ಣು.

ನಾನು ಬಂದ ಸುದ್ದಿ ಕೇಳಿ ಮಾವ ಮೋಟಾರ್ ಸೈಕಲ್ ಮೇಲೆ ಬಂದರು. ಮುಖದ ತುಂಬ ಎಂದಿನ ನಗು.

'ಮಾವಾ, ಇಲ್ಲಿ ತೊಗರಿ ರಾಶಿ ಮಾಡೀರೇನು?'

'ಮಾಡೇನಿ. ಅದರಾಗೇನದ? ಗರಸ ಹಾಕಿಸಿದಾವ ನಾ, ಉರುಳಿಸಿದಾವ ನಾ. ನಿನಗ ಆಟಕ್ಕ ಬೇಕಿತ್ತು, ನನಗ ರಾಶಿಗಿ ಬೇಕಿತ್ತು. ಇಬ್ಬರ್ದೂ ಆತು. ನೆಲ ಏನ್ ಸವದು ಹೋಗ್ಯಾದೇನು?'

'ಮದಲ ಯಾಕ ಹೇಳಲಿಲ್ಲ?'

'ಹೇಳಿದ್ರ ನೀ ಕೊಡ್ತಿದ್ದೇನು? ನಿನ್ನ ಹಟ ನನಗ ಗೊತ್ತಿಲ್ಲೇನು.'

'ಬೋಲ್ಟ್ ಎಲ್ಲಿ ಅದಾವ?'

'ಟ್ರ್ಯಾಕ್ಟರಿನ ಡಬ್ಬ್ಯಾಗ ಅದಾವ, ಎಲ್ಲಿ ಹೋಗ್ತಾವ. ತೂತಿಗಿ ಕೂಡವಲ್ದಾಗಿದ್ವು, ಬಿಟ್ಟೇನಿ. ಬೋಲ್ಟ್ ಇಲ್ದಿದ್ರೂ ಕಂಬ ಗಟ್ಟಿ ಅದಾವ. ಸುಮ್ಮ ಎಲ್ಲಾದಕ್ಕೂ ಹೆದರಬ್ಯಾಡ.'

ನನಗೆ ಕೂಗಾಡುವ ಸಿಟ್ಟು ಬಂದಿತ್ತು. ಆದರೆ ಬಾಯಿಂದ ಬಂದದ್ದು ಬೇರೆಯೇ ಮಾತು, ಸಣ್ಣಂದಿನ ಮಾತು.

'ಹಂಗಾದ್ರ ಮಾವಾ, ಪಂಚಮಿ ಜೋಕಾಲಿ ಕಟ್ಟಿದಾಗ ಮೊದಲ ನೀವ ಕುಂಡ್ರತಿದ್ರಿ. ಈಗೂ ಹಂಗ ಮಾಡ್ರಿ. ಈ ಬಾರ್ ಕೆಳಗ ಬಂದು ನಿಂದರ್ರಿ. ನಾ ಹಿಂದಿನಿಂದ ನೂಕ್ತೇನಿ.'

ಅವರು ನಗುತ್ತಲೇ ಗೋಲಿನ ಕಡೆಗೆ ನಾಲ್ಕು ಹೆಜ್ಜೆ ಬಂದರು. ಬಾರ್‌ನ ಹತ್ತಿರ ಬಂದವರು ತಲೆ ಎತ್ತಿ ಅದನ್ನು ನೋಡಿದರು. ನಾನು ಹಿಂದೆ ಕಂಬಕ್ಕೆ ಕೈಯಿಟ್ಟುಕೊಂಡೇ ನಿಂತಿದ್ದೆ. ನಿಜ ಹೇಳಬೇಕೆಂದರೆ, ಅವರು ಬಂದು ನಿಲ್ಲಲಿ ಎಂದು ನಾನು ದೇವರನ್ನು ಬೇಡುತ್ತಿದ್ದೆ. ನಿಂತಿದ್ದರೆ ನೂಕುತ್ತಿರಲಿಲ್ಲ. ತಿಳಿಯದೆ ಮಾಡಿದರು, ಮುದುಕರು, ಕಂಬದ ಲೆಕ್ಕ ಅವರಿಗೇನು ಗೊತ್ತು ಎಂದು ಅಷ್ಟಕ್ಕೇ ಬಿಟ್ಟುಬಿಡುತ್ತಿದ್ದೆ. ಅವರು ನಿಲ್ಲಲಿಲ್ಲ. ಬಾರ್‌ನ ಕೆಳಗೆ ಹಾಯುವ ಬದಲು ಕಂಬದ ಹೊರಗಿನಿಂದ ಸುತ್ತು ಹಾಕಿ ನನ್ನ ಪಕ್ಕಕ್ಕೆ ಬಂದು, 'ಸಣ್ಣ ಹುಡುಗಿಯಂಗ ಮಾತಾಡಬ್ಯಾಡ' ಎಂದರು.

ಮೊಮ್ಮಗಳು ಅದನ್ನು ನೋಡಿದಳು. ಕೈಯ ಗ್ಲೌಸು ಹಾಗೇ ಇತ್ತು.

'ಮುತ್ಯಾ, ನಾ ನಿನ್ನಿ ಪೂರಾ ಸಂಜಿ ಇಲ್ಲೇ ನಿಂತಿದ್ನಲ್ಲ?'

ಅವರು ರುಮಾಲು ಸರಿಮಾಡಿಕೊಂಡರು. ಹೊಲದಲ್ಲಿ ಆಳುಗಳು ಕಾಯುತ್ತಿದ್ದಾರೆ ಎಂದು ಗಾಡಿ ಹತ್ತಿ ಹೋದರು.

ಶಾಲೆಯ ಇನ್ನು ಮೂವರು ಮಾಸ್ತರರನ್ನು ಕರೆದು, ನಾಲ್ಕು ಜನ ಹಿಡಿದು ಆ ಗೋಲನ್ನು ಕಿತ್ತು, ನೆಲಕ್ಕೆ ಅಡ್ಡ ಮಲಗಿಸಿ ಗೋಡೆಯ ಕಡೆಗೆ ಸರಿಸಿದೆವು. ಸಾಕೆಟ್ಟಿನ ಬಾಯಿಗೆ ಚಪ್ಪಡಿ ಮುಚ್ಚಿದೆವು. ಅತನೂರಿನವರಿಗೆ ಫೋನು ಮಾಡಿ, ನಮ್ಮಲ್ಲಿ ಒಂದು ಗೋಲು ಸರಿಯಿಲ್ಲ, ನಾವೇ ನಿಮ್ಮಲ್ಲಿಗೆ ಬರುತ್ತೇವೆ ಎಂದೆ. ಏನಾಯಿತು ಎಂದು ಅವರು ಕೇಳಿದರು. ನಮ್ಮ ಮಾವ ತೊಗರಿ ರಾಶಿ ಮಾಡಿದರು ಎನ್ನದೆ, ಕಾಂಕ್ರೀಟು ಒಡೆದಿದೆ ಎಂದಷ್ಟೇ ಹೇಳಿದೆ. ಆಟದಲ್ಲಿ ಸೋತೆವು. ಮುಂದೆ ಒಡೆದ ಕಾಂಕ್ರೀಟು ತೆಗೆಸಿ, ಗುಂಡಿ ಆಳ ಮಾಡಿಸಿ, ಕಂಬಗಳನ್ನು ನೇರ ಕಾಂಕ್ರೀಟಿನಲ್ಲೇ ಹುಗಿಸಿದೆ. ಜಂಗು ಹಿಡಿದರೆ ನಿಂತಲ್ಲೇ ಬಣ್ಣ ಹಚ್ಚಿದರಾಯಿತು. ಕಾಂಕ್ರೀಟು ಗಟ್ಟಿಯಾಗುವ ತನಕ ದಿನಾ ನೀರುಣಿಸಿ, ಒಂದು ಮಗುವನ್ನೂ ಹತ್ತಿರ ಬಿಡಲಿಲ್ಲ. ಆ ಸಲ ನಮಗೆ ಗರಸು ತಂದುಕೊಡುವ ಟ್ರ್ಯಾಕ್ಟರು ಇರಲಿಲ್ಲ, ಹುಡುಗಿಯರು ಬುಟ್ಟಿಯಲ್ಲಿ ಹೊತ್ತರು.

ಅವ್ವ ನನ್ನನ್ನೇ ಬೈದಳು. ಯಾರಿಗೂ ಏನೂ ಆಗಲಿಲ್ಲವಲ್ಲ, ಒಡಹುಟ್ಟಿದವನ ಮನೆಯ ದಾರಿ ಮುಚ್ಚಬೇಡ ಎಂದಳು. ಅವ್ವನ ಮಾತಿಗೆ ಕಟ್ಟುಬಿದ್ದು ಮುಂದಿನ ಪಂಚಮಿಗೆ ಹೋದೆ. ಬೇವಿನ ಮರ ಅದೇ, ಹಗ್ಗ ಹೊಸದು. ಮಾವ ಯಾವಾಗಿನಂತೆ ಮಕ್ಕಳನ್ನು ತಡೆದು ತಾವೇ ಮೊದಲು ಕೂತು ಜೀಕಿದರು. ನನ್ನ ಕಡೆ ಒಮ್ಮೆ ನೋಡಿದರು. ನಾನು ಬೇರೆ ಕಡೆ ನೋಡಿದೆ. ಇಳಿದು ಬಂದು ಮೊಮ್ಮಗಳನ್ನು ಕರೆದರು.

'ಬಾ ಯವ್ವಾ, ನೋಡೇನಿ. ಗಟ್ಟಿ ಅದ, ಕುಂಡ್ರು.'

ಹುಡುಗಿ ಹೋದಳು, ಆದರೆ ಕೂರಲಿಲ್ಲ. ಹಗ್ಗವನ್ನು ಎರಡೂ ಕೈಯಲ್ಲಿ ಹಿಡಿದು, ಮೈಭಾರವೆಲ್ಲ ಬಿಟ್ಟು ಜಗ್ಗಿದಳು. ಕೊಂಬೆಯ ಗಂಟನ್ನು ಕಣ್ಣಿಟ್ಟು ನೋಡಿದಳು. ಇನ್ನೊಂದು ಬದಿಗೆ ಹೋಗಿ ಆ ಹಗ್ಗವನ್ನೂ ಜಗ್ಗಿದಳು. ಮಾವ ಹಲಗೆ ಹಿಡಿದುಕೊಂಡು ಅವಳು ಮುಗಿಸುವ ತನಕ ಕಾದು ನಿಂತಿದ್ದರು.